ಬರಿಗೈಯ ಪ್ರಾರ್ಥನೆ: ಇತವಾರಿಯ ತಾಯಿಗೆ ಒಂದು ಪತ್ರ

(ನಾಗಪುರದ ಇತವಾರಿಯಲ್ಲಿರುವ ನಮ್ಮ ತಾಯಿಯವರಿಗೆ ದುಬೈಯಿಂದ ಬರೆದ ಪತ್ರವಿದು. ಇದರಲ್ಲಿರುವ ವಿವಾದ ನಮ್ಮ ಮನೆಯೊಂದರದೇ ಅಲ್ಲವಾದುದರಿಂದ ಅವರ ಅನುಮತಿ ಪಡೆದು ಪ್ರಕಟಣೆಗೆ ಕೊಟ್ಟಿದ್ದೇನೆ.)

 

ಅವ್ವಾ, ಕಳೆದ ರವಿವಾರ ನೀವು ದೂರವಾಣಿಯಲ್ಲಿ ಎರಡು ಮಾತು ಹೇಳಿದಿರಿ. ಬರುವ ಕಾರ್ತಿಕ ಅಷ್ಟಾಹ್ನಿಕದಲ್ಲಿ ಮಂದಿರದವರು ಸಿದ್ಧಚಕ್ರ ವಿಧಾನ ನಡೆಸಲಿದ್ದಾರೆ, ನಾನು ಬಂದು ಸೌಧರ್ಮೇಂದ್ರನ ಸ್ಥಾನಕ್ಕೆ ಸವಾಲು ಕೂಗಬೇಕು ಎಂಬುದು ಮೊದಲನೆಯದು. ಎರಡನೆಯದನ್ನು ನೀವು ಮೆಲ್ಲನೆ ಹೇಳಿದಿರಿ: ‘ನಿಮ್ಮ ಮಗ ಪರದೇಶಕ್ಕೆ ಹೋಗಿ ಧರ್ಮ ಬಿಟ್ಟನಂತೆ, ಮನೆಯಲ್ಲಿ ಪೂಜೆಯೇ ಇಲ್ಲವಂತೆ’ ಎಂದು ಓಣಿಯಲ್ಲಿ ಆಡಿಕೊಳ್ಳುತ್ತಾರೆ. ಮೊದಲ ಮಾತಿಗೆ ನಾನು ಒಪ್ಪಿಬಿಟ್ಟರೆ ಎರಡನೆಯದು ತಾನಾಗಿಯೇ ನಿಲ್ಲುವುದೆಂದು ನಿಮ್ಮ ಎಣಿಕೆ.

ರಜೆ ಸಿಗುತ್ತದೆ. ಹಣಕ್ಕೂ ಕೊರತೆಯಿಲ್ಲ. ಆದರೂ ಸವಾಲು ಕೂಗಲಾರೆ. ಅದಕ್ಕೆ ಕಾರಣವನ್ನು ದೂರವಾಣಿಯಲ್ಲಿ ಹೇಳಿ ಮುಗಿಸುವಂತಿರಲಿಲ್ಲವಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ. ಮೊದಲು ನಾನು ದಿನವೂ ಏನು ಮಾಡುತ್ತೇನೆಂಬುದನ್ನು ಹೇಳಿಬಿಡುತ್ತೇನೆ. ಓಣಿಯವರು ಕೇಳಿದರೆ ನಿಮ್ಮ ಬಳಿ ಉತ್ತರವಿರಲಿ.

ಬೆಳಿಗ್ಗೆ ಐದಕ್ಕೆ ಎದ್ದು, ಸ್ನಾನ ಮಾಡಿ, ಬೈಠಕ್ ಕೋಣೆಯ ಬರಿಯ ಗೋಡೆಗೆ ಮುಖ ಮಾಡಿ ಕುಳಿತುಕೊಳ್ಳುತ್ತೇನೆ. ಎದುರಿಗೆ ಪ್ರತಿಮೆಯಿಲ್ಲ, ತಟ್ಟೆಯಿಲ್ಲ, ದೀಪವಿಲ್ಲ. ಮೊದಲು ಕಾಯೋತ್ಸರ್ಗ. ಒಂದು ಣಮೋಕಾರ ಮಂತ್ರಕ್ಕೆ ಮೂರು ಉಸಿರು. ಅರಿಹಂತರನ್ನು ನೆನೆಯುತ್ತ ಉಸಿರು ಒಳಗೆ, ಸಿದ್ಧರನ್ನು ನೆನೆಯುತ್ತ ಹೊರಗೆ. ಆಚಾರ್ಯರಿಗೆ ಒಳಗೆ, ಉಪಾಧ್ಯಾಯರಿಗೆ ಹೊರಗೆ. ಲೋಕದ ಸರ್ವ ಸಾಧುಗಳಿಗೆ ಒಂದು ಪೂರ್ಣ ಉಸಿರು. ಹೀಗೆ ಒಂಬತ್ತು ಸಲವಾದರೆ 27 ಉಸಿರು. ಈ ಲೆಕ್ಕ ನನ್ನದಲ್ಲ, ನಮ್ಮ ಮುನಿಗಳದು. ಉಸಿರು ತಪ್ಪಿದರೆ ಮನಸ್ಸು ತಪ್ಪಿತೆಂದು ಕೂಡಲೇ ತಿಳಿಯುತ್ತದೆ. ಅದೇ ಅದರ ಉಪಯೋಗ.

ಅನಂತರ ಆಲೋಚನೆ. ಹಿಂದಿನ ದಿನವನ್ನು ಐದು ಅಣುವ್ರತಗಳ ಎದುರು ಒಂದೊಂದಾಗಿ ಇಟ್ಟು ನೋಡುವುದು. ಯಾರ ಮನಸ್ಸನ್ನು ನೋಯಿಸಿದೆ? ಸಂಸ್ಥೆಗೆ ಅನುಕೂಲವಾಗಲೆಂದು ಯಾವ ಮಾತನ್ನು ಅರ್ಧಕ್ಕೆ ನಿಲ್ಲಿಸಿದೆ? ನನ್ನದಲ್ಲದ ಯಾವುದನ್ನು ನನ್ನದೆಂದು ಬಗೆದೆ? ಲೆಕ್ಕಪತ್ರ ಪರಿಶೋಧಿಸಿ ಬದುಕುವವನಿಗೆ ಇದು ಹೊಸ ವಿದ್ಯೆಯೇನಲ್ಲ. ಆದರೆ ಇಲ್ಲಿ ಲೆಕ್ಕ ಬರೆದವನೂ ನಾನೇ, ತನಿಖೆ ಮಾಡುವವನೂ ನಾನೇ.

ಕೊನೆಗೆ ಪ್ರತ್ಯಾಖ್ಯಾನ. ಆ ಒಂದು ದಿನಕ್ಕೆ ಸಲ್ಲುವ ಮಿತಿಯನ್ನು ಹಾಕಿಕೊಳ್ಳುವುದು: ಇಂದು ಇಷ್ಟೇ ಬಗೆಯ ಪದಾರ್ಥ, ಸೂರ್ಯಾಸ್ತದ ಅನಂತರ ಆಹಾರವಿಲ್ಲ, ಯಾವ ವಸ್ತುವನ್ನೂ ಕೊಳ್ಳುವುದಿಲ್ಲ. ಚಳಿಗಾಲದಲ್ಲಿ ಇಲ್ಲಿ ಸಂಜೆ ಐದೂವರೆಯ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ಆಗ ನಾನು ಕಚೇರಿಯಲ್ಲೇ ಇರುತ್ತೇನೆ. ಆದುದರಿಂದ ರಾತ್ರಿಯ ಬುತ್ತಿಯನ್ನು ಬೆಳಿಗ್ಗೆಯೇ ಕಟ್ಟಿಕೊಂಡು ಹೋಗಿ ಐದಕ್ಕೆ ಉಂಡು ಮುಗಿಸುತ್ತೇನೆ. ಎಲ್ಲ ಸೇರಿ ವಾರದ ದಿನಗಳಲ್ಲಿ ಇಪ್ಪತ್ತೈದು ನಿಮಿಷ. ಸಾಮಾಯಿಕವೆಂದರೆ ಎರಡು ಘಳಿಗೆ, ಅಂದರೆ 48 ನಿಮಿಷ. ಆದ್ದರಿಂದ ವಾರದ ದಿನಗಳದನ್ನು ಪ್ರಾರ್ಥನೆ ಎನ್ನುತ್ತೇನೆ. ರಜಾದಿನಗಳಲ್ಲಿ ಪೂರ್ಣ 48 ನಿಮಿಷ ಕುಳಿತಾಗ ಮಾತ್ರ ಸಾಮಾಯಿಕವೆನ್ನುತ್ತೇನೆ. ಅಳತೆಗೆ ಮೋಸ ಮಾಡಬಾರದು.

ಅವ್ವಾ, ಇದನ್ನು ಕೇಳಿದ ಬಂಧುಗಳೊಬ್ಬರು ‘ಪಾಪ, ಅಲ್ಲಿ ಅಷ್ಟಾದರೂ ಮಾಡುತ್ತಾನಲ್ಲ’ ಎಂದರಂತೆ. ಆ ‘ಪಾಪ’ ಎಂಬ ಮಾತಿನ ಮೇಲೆಯೇ ನನ್ನ ತಕರಾರು. ಬಸದಿಯಿಲ್ಲದ ಊರಿನಲ್ಲಿ ಪೂಜೆಗೆ ಬದಲಾಗಿ ಮಾಡಿಕೊಂಡ ಚಿಲ್ಲರೆ ಏರ್ಪಾಡು ಇದೆಂದು ಅವರ ಭಾವನೆ. ಶಾಸ್ತ್ರ ಹಾಗೆ ಹೇಳುವುದಿಲ್ಲ.

ನಮ್ಮ ಮನೆಯ ಕಪಾಟಿನಲ್ಲಿರುವ ರತ್ನಕರಂಡಕ ಶ್ರಾವಕಾಚಾರವನ್ನು ತೆಗೆದು ನೋಡಿರಿ. ಸಮಂತಭದ್ರಾಚಾರ್ಯರು ಶ್ರಾವಕನ ಹನ್ನೆರಡು ವ್ರತಗಳನ್ನು ಹೇಳುವಾಗ ಸಾಮಾಯಿಕವನ್ನು ಒಂದು ಸ್ವತಂತ್ರ ಶಿಕ್ಷಾವ್ರತವಾಗಿ ಎಣಿಸಿ, ಅದಕ್ಕೆ ಹಲವು ಶ್ಲೋಕಗಳನ್ನು ಮೀಸಲಿಟ್ಟಿದ್ದಾರೆ. ಎಲ್ಲಿ ಕುಳಿತುಕೊಳ್ಳಬೇಕೆಂಬ ಪ್ರಶ್ನೆಗೆ, ಗದ್ದಲವಿಲ್ಲದ ಏಕಾಂತ ಸ್ಥಳವಾಗಿರಬೇಕು, ಅದು ಕಾಡಾಗಬಹುದು, ಮನೆಯಾಗಬಹುದು, ಚೈತ್ಯಾಲಯವೂ ಆಗಬಹುದು ಎಂಬುದು ಅವರ ಅಭಿಪ್ರಾಯ. ಮೂರನ್ನೂ ಒಂದೇ ಸಾಲಿನಲ್ಲಿ ಇಟ್ಟಿದ್ದಾರೆ. ಆ ಹೊತ್ತಿನಲ್ಲಿ ಗೃಹಸ್ಥನು ಆರಂಭವನ್ನೂ ಪರಿಗ್ರಹವನ್ನೂ ಬಿಟ್ಟಿರುವುದರಿಂದ, ಮೇಲೆ ಯಾರೋ ಬಟ್ಟೆ ಹೊದಿಸಿದ ಮುನಿಯಂತೆ ಇರುತ್ತಾನೆಂದು ಅವರು ಹೋಲಿಸುತ್ತಾರೆ. ಶ್ರಾವಕನಿಗೆ ಇದಕ್ಕಿಂತ ದೊಡ್ಡ ಗೌರವವನ್ನು ಯಾರು ಕೊಟ್ಟಾರು?

ಶ್ರಾವಕನು ಏರಬೇಕಾದ ಹನ್ನೊಂದು ಪ್ರತಿಮೆಗಳನ್ನೂ ಎಣಿಸಿ ನೋಡಿರಿ. ಮೊದಲನೆಯದು ದರ್ಶನ, ಎರಡನೆಯದು ವ್ರತ, ಮೂರನೆಯದು ಸಾಮಾಯಿಕ. ಹನ್ನೊಂದರಲ್ಲಿ ಯಾವ ಮೆಟ್ಟಿಲಿಗೂ ಪೂಜೆಯ ಹೆಸರಿಲ್ಲ. ಷಟ್ಕರ್ಮಗಳಲ್ಲಿ ದೇವಪೂಜೆಯೇ ಮೊದಲನೆಯದೆಂದು ನೀವು ಹೇಳುವಿರಿ, ಅದು ನಿಜ. ನಾನು ಅದನ್ನು ಅಲ್ಲಗಳೆಯುವುದಿಲ್ಲ. ಪೂಜೆ ಮಾಡುವವರು ಧರ್ಮವಂತರು, ಸಾಮಾಯಿಕಕ್ಕೆ ಕುಳಿತವನು ಧರ್ಮ ಬಿಟ್ಟವನು ಎಂಬ ಓಣಿಯ ತೀರ್ಪನ್ನು ಮಾತ್ರ ಅಲ್ಲಗಳೆಯುತ್ತೇನೆ.

ಇನ್ನು ನಿಮ್ಮ ಪೂಜೆಯ ಮಾತು. ಅದನ್ನು ನಾನು ಹಗುರವಾಗಿ ಕಾಣಲಾರೆ, ಏಕೆಂದರೆ ನನಗೆ ತಿಳಿದ ಅರ್ಥವೆಲ್ಲ ಬಂದದ್ದು ಅದರಿಂದಲೇ. ನೀವು ನಾಲ್ಕಕ್ಕೆ ಎದ್ದು, ದಪ್ಪ ಬಟ್ಟೆಯನ್ನು ಎರಡು ಮಡಿಕೆ ಮಾಡಿ ನೀರು ಸೋಸಿ, ಅಕ್ಕಿಯನ್ನು ಒಂದೊಂದು ಕಾಳು ನೋಡಿ ಆರಿಸಿ ತೊಳೆಯುತ್ತಿದ್ದಿರಿ. ಅಷ್ಟವಿಧಾರ್ಚನೆಯ ಎಂಟು ದ್ರವ್ಯಗಳ ಅರ್ಥವನ್ನು ಆಗಲೇ ಹೇಳಿಕೊಟ್ಟಿರಿ: ಜಲ ಹುಟ್ಟು ಸಾವುಗಳ ಕೊಳೆ ತೊಳೆಯಲು, ಗಂಧ ಸಂಸಾರದ ತಾಪ ಆರಲು, ಅಕ್ಷತೆ ಅಕ್ಷಯಪದಕ್ಕೆ, ಪುಷ್ಪ ಕಾಮ ಅಳಿಯಲು, ನೈವೇದ್ಯ ಹಸಿವಿನ ರೋಗ ಹೋಗಲು, ದೀಪ ಮೋಹದ ಕತ್ತಲೆಗೆ, ಧೂಪ ಎಂಟು ಕರ್ಮ ಸುಡಲು, ಫಲ ಮೋಕ್ಷಕ್ಕೆ. ಗಮನಿಸಿರಿ, ಇದರಲ್ಲಿ ಒಂದೂ ಭಗವಂತನಿಗೆ ಬೇಕಾಗಿ ಕೊಟ್ಟದ್ದಲ್ಲ. ವೀತರಾಗನಿಗೆ ಹಸಿವಿಲ್ಲ, ನೈವೇದ್ಯ ಬೇಕಿಲ್ಲ. ಎಂಟೂ ನಮ್ಮೊಳಗಿನ ಎಂಟು ಕೆಲಸಗಳ ಗುರುತು.

ಇತವಾರಿಯಲ್ಲಿ ನಿಮ್ಮ ನೆರೆಯವರಾದ ಪರವಾರ ಮನೆತನದವರು ಪೂಜೆ ಮಾಡುವ ಬಗೆಯನ್ನು ನೀವು ಇಷ್ಟು ವರ್ಷ ಕಂಡಿದ್ದೀರಿ. ನಮ್ಮ ಬೆಳಗಾವಿಯ ಕಡೆಯ ಬಸದಿಗಳಂತೆ ಅಲ್ಲಿ ಹಾಲು, ಎಳನೀರು, ಕಬ್ಬಿನ ಹಾಲುಗಳ ಪಂಚಾಮೃತ ಅಭಿಷೇಕವಿಲ್ಲ. ತೇರಾಪಂಥದ ರೂಢಿಯಲ್ಲಿ ಅಭಿಷೇಕಕ್ಕೆ ಶುದ್ಧ ಜಲ ಮಾತ್ರ. ಹೂವಿನ ಬದಲು ಕೇಸರಿ ಬಣ್ಣದ ಅಕ್ಕಿ, ಪಕ್ವಾನ್ನದ ಬದಲು ಕೊಬ್ಬರಿಯ ಬಿಳಿ ಚೂರು, ಉರಿಯುವ ದೀಪದ ಬದಲು ಅದೇ ಕೊಬ್ಬರಿಯ ಹಳದಿ ಚೂರು. ಆರಂಭದಲ್ಲಿ ನೀವು ‘ಕೊಬ್ಬರಿ ದೀಪವಾಗುವುದು ಹೇಗೆ?’ ಎಂದು ನಕ್ಕಿದ್ದು ನೆನಪಿದೆ. ಆಗ ಎದುರುಮನೆಯ ಅಜ್ಜಿ, ಉರಿಯುವ ದೀಪಕ್ಕೆ ಬಿದ್ದು ಸಾಯುವ ಹುಳುವನ್ನು ತೋರಿಸಿದರು. ಹಿಂಸೆಯನ್ನು ತಗ್ಗಿಸಲೆಂದು ವಸ್ತುವನ್ನು ಬಿಟ್ಟು ಗುರುತನ್ನು ಇಟ್ಟುಕೊಳ್ಳಬಹುದೆಂದು ಒಂದು ಇಡೀ ಪಂಥವೇ ಶತಮಾನಗಳ ಹಿಂದೆ ಒಪ್ಪಿದೆ. ಹಾಗಿದ್ದ ಮೇಲೆ, ಕೊಬ್ಬರಿಯ ಚೂರನ್ನೂ ಕೆಳಗಿಟ್ಟು, ‘ನನ್ನ ಮೋಹದ ಕತ್ತಲೆ ಎಲ್ಲಿದೆ?’ ಎಂದು ನೇರವಾಗಿ ನೋಡಿಕೊಳ್ಳುವವನು ಅದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಇಟ್ಟಿದ್ದಾನೆ, ಅಷ್ಟೇ.

ಪಂಡಿತರು ಇದಕ್ಕೆ ಒಂದು ಉತ್ತರ ಇಟ್ಟುಕೊಂಡಿದ್ದಾರೆ. ಅದೂ ಸಮಂತಭದ್ರರದೇ. ಸ್ವಯಂಭೂಸ್ತೋತ್ರದ ವಾಸುಪೂಜ್ಯ ಜಿನಸ್ತುತಿಯಲ್ಲಿ, ಪೂಜೆಯಿಂದಾಗುವ ಅಲ್ಪ ಪಾಪವು ಅದರ ಪುಣ್ಯರಾಶಿಯ ಎದುರು ತಂಪಾದ ಸಮುದ್ರಕ್ಕೆ ಬಿದ್ದ ವಿಷದ ಕಣದಂತೆ, ಅದು ಸಮುದ್ರವನ್ನು ಕೆಡಿಸದು ಎಂಬ ಭಾವವಿದೆ. ಈ ಮಾತನ್ನು ಮುಂದಿಟ್ಟು ಸಾವಿರ ದೀಪ, ನೂರಾರು ಲೀಟರ್ ಹಾಲು, ಬಂಡಿಗಟ್ಟಲೆ ಹೂವು ಎಲ್ಲವನ್ನೂ ಸಮರ್ಥಿಸುತ್ತಾರೆ. ನನ್ನ ವೃತ್ತಿಯಲ್ಲಿಯೂ ಇಂಥದೇ ಒಂದು ನಿಯಮವಿದೆ. ಲೆಕ್ಕದ ಒಟ್ಟು ಸತ್ಯವನ್ನು ಕೆಡಿಸದ ಸಣ್ಣ ವ್ಯತ್ಯಾಸವನ್ನು ಪರಿಶೋಧಕನು ಹಿಡಿದು ಕೂರುವುದಿಲ್ಲ. ಆದರೆ ಅದೇ ಸಣ್ಣ ವ್ಯತ್ಯಾಸವನ್ನು ಬೇಕೆಂದೇ ಮಾಡಿದ್ದಾರೆಂದು ತಿಳಿದರೆ, ಮೊತ್ತ ಎಷ್ಟೇ ಅಲ್ಪವಾಗಿರಲಿ, ಆತ ಅಲ್ಲಿಯೇ ನಿಲ್ಲಬೇಕು. ಆಚಾರ್ಯರು ಕ್ಷಮಿಸಿದ್ದು ತಪ್ಪಿಸಲಾಗದ ಕಣವನ್ನು. ತಪ್ಪಿಸಬಹುದಾದುದನ್ನು ವೈಭವಕ್ಕಾಗಿ ಹೆಚ್ಚಿಸುತ್ತ ಹೋದರೆ ಅದು ಕಣವಾಗಿ ಉಳಿಯುವುದಿಲ್ಲ. ಅದೇ ಸ್ತುತಿಯಲ್ಲಿಯೇ, ವೀತರಾಗನಿಗೆ ಪೂಜೆಯಿಂದ ಆಗಬೇಕಾದುದೇನೂ ಇಲ್ಲ, ಅವನ ಗುಣಗಳ ಸ್ಮರಣೆಯೇ ನಮ್ಮ ಚಿತ್ತವನ್ನು ತೊಳೆಯುತ್ತದೆ ಎಂಬ ಅಭಿಪ್ರಾಯವೂ ಇದೆ. ಪಂಡಿತರು ವೇದಿಕೆಯಲ್ಲಿ ಅದನ್ನು ಅಷ್ಟಾಗಿ ಎತ್ತುವುದಿಲ್ಲ.

ಈಗ ಸಿದ್ಧಚಕ್ರ ವಿಧಾನದ ವಿಷಯ. ನೀವು ಕೇಳಿದ್ದು ಅದನ್ನೇ ಆದುದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಅಷ್ಟಾಹ್ನಿಕದ ಎಂಟು ದಿನಗಳಲ್ಲಿ ಅರ್ಘ್ಯಗಳು ದಿನಕ್ಕೆ ದುಪ್ಪಟ್ಟಾಗುತ್ತ ಹೋಗುತ್ತವೆ: ಮೊದಲ ದಿನ 8, ಆಮೇಲೆ 16, 32, 64, 128, 256, 512, ಕೊನೆಯ ದಿನ 1024. ಒಟ್ಟು 2040. ಪ್ರತಿ ಅರ್ಘ್ಯಕ್ಕೂ ಸಿದ್ಧರ ಒಂದೊಂದು ಗುಣದ ಸ್ಮರಣೆ. ಕಲ್ಪನೆ ಬಹಳ ಸುಂದರವಾದುದು, ದಿನದಿಂದ ದಿನಕ್ಕೆ ಮನಸ್ಸು ಇಮ್ಮಡಿಯಾಗಿ ವಿಸ್ತರಿಸಲಿ ಎಂಬುದು. ಈಗ ಕೊನೆಯ ದಿನದ ಲೆಕ್ಕ ಹಾಕಿರಿ. ಒಂದು ಅರ್ಘ್ಯಕ್ಕೆ 20 ಸೆಕೆಂಡು ಕೊಟ್ಟರೂ 1024ಕ್ಕೆ ಐದು ಗಂಟೆ ನಲವತ್ತು ನಿಮಿಷ ಮೀರುತ್ತದೆ. ನಡುವೆ ಸಂಗೀತ ಮಂಡಳಿಯ ಭಜನೆ, ಸನ್ಮಾನ, ಗಣ್ಯರ ಭಾಷಣ ಬೇರೆ. ಹೀಗಾಗಿ ಓದುವವರು ಓಡುತ್ತಾರೆ. ಕುಳಿತವರು ಸ್ವಾಹಾಕಾರ ಕೇಳಿದೊಡನೆ ಚಮಚ ಎತ್ತಿ ಸುರಿಯುತ್ತಾರೆ. ಯಾವ ಗುಣವನ್ನು ನೆನೆದೆವೆಂದು ಆ ಸಂಜೆ ಯಾರನ್ನಾದರೂ ಕೇಳಿ ನೋಡಿರಿ. ಹತ್ತನ್ನು ಹೇಳಬಲ್ಲವರು ಸಿಕ್ಕರೆ ಆ ವಿಧಾನ ಸಾರ್ಥಕ.

ದ್ರವ್ಯದ ಲೆಕ್ಕವೂ ಇದೆ. ಒಂದು ಅರ್ಘ್ಯಕ್ಕೆ ಕೇವಲ ಹತ್ತು ಗ್ರಾಮಿನ ಅಕ್ಕಿ ಕೊಬ್ಬರಿ ಎಂದಿಟ್ಟುಕೊಂಡರೆ ಒಂದು ತಟ್ಟೆಗೆ 2040 ಅರ್ಘ್ಯಕ್ಕೆ ಇಪ್ಪತ್ತು ಕಿಲೋ ದಾಟುತ್ತದೆ. ಐವತ್ತು ದಂಪತಿಗಳು ಕುಳಿತರೆ ಒಂದು ಟನ್ನಿಗೂ ಮೇಲು. ಅರ್ಪಿಸಿದ್ದು ನಿರ್ಮಾಲ್ಯ, ನಾವು ಮುಟ್ಟುವಂತಿಲ್ಲ. ಅದು ಮಂದಿರದ ಸೇವಕರ ಮನೆಗಳಿಗೆ ಹೋಗುತ್ತದೆ. ಹೋಗಲಿ, ಉಣ್ಣಲಿ, ಅದಕ್ಕೆ ನನ್ನ ಆಕ್ಷೇಪವಿಲ್ಲ. ಆದರೆ ನಾವು ತಿನ್ನಬಾರದೆಂದು ತಿಳಿದುದನ್ನು ಬಡವನಿಗೆ ಕೊಟ್ಟು ಅದನ್ನು ದಾನವೆಂದು ಕರೆದುಕೊಳ್ಳುವುದು ಬೇಡ.

ಎಲ್ಲಕ್ಕಿಂತ ಮುಖ್ಯವಾದುದು ಸವಾಲು. ಸೌಧರ್ಮೇಂದ್ರ ಯಾರಾಗಬೇಕು, ಶಚಿಯಾಗಿ ಯಾರ ಹೆಂಡತಿ ಕೂರಬೇಕು, ಕುಬೇರ ಯಾರು, ಮೊದಲ ಕಲಶ ಯಾರದು ಎಂಬುದನ್ನು ಧ್ವನಿವರ್ಧಕದಲ್ಲಿ ಮೊತ್ತ ಕೂಗಿ ತೀರ್ಮಾನಿಸುತ್ತಾರೆ. ಗೆದ್ದವನಿಗೆ ಕಿರೀಟ, ಹಾರ, ಮೆರವಣಿಗೆ. ಒಂದೆರಡು ವರ್ಷಗಳಲ್ಲಿ ಆತನೇ ಮಂದಿರದ ಟ್ರಸ್ಟಿಯಾಗುತ್ತಾನೆ, ಅನಂತರ ವೇದಿಕೆಯ ಮೇಲೆ ಶಾಸಕರ ಪಕ್ಕದಲ್ಲಿ ಕೂರುತ್ತಾನೆ. ನಮ್ಮ ಸಮಾಜದ ಸಂಘಟನೆಗಳ ಮುಖಂಡತ್ವ ಯಾವ ದಾರಿಯಲ್ಲಿ ಬರುತ್ತಿದೆಯೆಂಬುದನ್ನು ಯಾವ ಊರಿನ ಜೈನನಿಗೂ ಬಿಡಿಸಿ ಹೇಳಬೇಕಿಲ್ಲ. ಪರಿಗ್ರಹ ಪರಿಮಾಣವನ್ನು ಬೋಧಿಸುವ ಧರ್ಮದಲ್ಲಿ ಭಗವಂತನ ಅತಿ ಸಮೀಪದ ಆಸನವು ಅತಿ ಹೆಚ್ಚು ಪರಿಗ್ರಹವುಳ್ಳವನಿಗೆ ಹರಾಜಾಗುತ್ತದೆ. ಮಂದಿರದ ಖರ್ಚು ನಡೆಯಬೇಡವೇ ಎಂದು ಕೇಳುವಿರಿ. ನಡೆಯಬೇಕು. ಕಾಣಿಕೆ ಕೊಡೋಣ, ರಸೀದಿ ಪಡೆಯೋಣ, ಲೆಕ್ಕವನ್ನು ಫಲಕದ ಮೇಲೆ ಹಚ್ಚೋಣ. ಅದಕ್ಕೆ ಪ್ರತಿಯಾಗಿ ಇಂದ್ರಪದವನ್ನು ಮಾರುವುದು ಏಕೆ?

ನೀವು ಮೈನಾಸುಂದರಿಯ ಕಥೆಯನ್ನು ನೆನಪಿಸಿದಿರಿ. ಸಿದ್ಧಚಕ್ರದ ಆರಾಧನೆ ಮಾಡಿ ಗಂಧೋದಕದಿಂದ ಶ್ರೀಪಾಲನ ಕುಷ್ಠವನ್ನು ಕಳೆದ ಸತಿ ಆಕೆ. ಆ ಕಥೆಯಲ್ಲಿ ಸವಾಲು ಎಲ್ಲಿದೆ, ಅವ್ವಾ? ತಂದೆ ಹೊರದೂಡಿದ ಹೆಣ್ಣುಮಗಳು, ರೋಗಿ ಗಂಡನ ಪಕ್ಕದಲ್ಲಿ ನಿಂತು ತನ್ನ ಕೈಯಿಂದ ತಾನೇ ಮಾಡಿದ ಆರಾಧನೆ ಅದು. ಇನ್ನು ಜಿನಪೂಜೆಯ ಮಹಿಮೆಗೆ ಸಮಂತಭದ್ರರು ಕೊಟ್ಟ ಉದಾಹರಣೆಯಂತೂ ಒಂದು ಕಪ್ಪೆ. ರಾಜಗೃಹದಲ್ಲಿ ಮಹಾವೀರ ಸ್ವಾಮಿಯ ದರ್ಶನಕ್ಕೆ ಬಾಯಲ್ಲಿ ಒಂದೇ ಒಂದು ಹೂವು ಕಚ್ಚಿಕೊಂಡು ಹೊರಟ ಕಪ್ಪೆ ದಾರಿಯಲ್ಲಿ ಆನೆಯ ಕಾಲಿಗೆ ಸಿಕ್ಕಿ ಸತ್ತು ದೇವನಾಯಿತು. ಹೂವು ಭಗವಂತನ ಪಾದವನ್ನು ತಲುಪಲೇ ಇಲ್ಲ. ಫಲ ಕೊಟ್ಟದ್ದು ಹೊರಟ ಭಾವ. ಎಲ್ಲ ಬಿಟ್ಟು ಕಪ್ಪೆಯನ್ನೇ ಆಚಾರ್ಯರು ಆರಿಸಿದ್ದರಲ್ಲಿ ಸವಾಲು ಕೂಗುವವರಿಗೆ ಪಾಠವಿದೆ.

ಈ ವಿವಾದದಲ್ಲಿ ನನಗಿಂತ ಹೆಚ್ಚಾಗಿ ಪಣಕ್ಕೆ ಬಿದ್ದಿರುವವರು ಇಬ್ಬರು. ಒಬ್ಬರು ನೀವೇ. ದೇವದರ್ಶನವಾಗದೆ ಬಾಯಿಗೆ ನೀರು ಹಾಕಲಾರೆನೆಂಬ ನಿಮ್ಮ ನಿಯಮವನ್ನು ಮುರಿಯೆಂದು ಹೇಳುವ ಅಧಿಕಾರ ನನಗಿಲ್ಲ. ಆದರೆ ಕಳೆದ ಮಳೆಗಾಲದಲ್ಲಿ ಮಂಡಿನೋವಿನಿಂದ ಮೆಟ್ಟಿಲಿಳಿಯಲಾರದೆ, ಸಂಜೆಯವರೆಗೆ ಉಪವಾಸವಿದ್ದು ‘ಇಂದು ನನ್ನ ಧರ್ಮ ತಪ್ಪಿತು’ ಎಂದು ಅತ್ತಿರಲ್ಲ, ಆ ಮಾತು ನನ್ನನ್ನು ಈಗಲೂ ಚುಚ್ಚುತ್ತದೆ. ಎಪ್ಪತ್ತು ದಾಟಿದ ಶ್ರಾವಕಿಯೊಬ್ಬಳಿಗೆ, ನಡೆಯಲಾರದ ದಿನ ತನ್ನಲ್ಲಿ ಧರ್ಮವೇ ಇಲ್ಲವೆಂದು ಅನಿಸುವಂತೆ ಮಾಡಿದವರು ಯಾರು? ಹಾಸಿಗೆಯ ಅಂಚಿನಲ್ಲಿ ಕುಳಿತೇ 27 ಉಸಿರಿನ ಕಾಯೋತ್ಸರ್ಗ ಮಾಡಬಹುದೆಂದು, ಅದು ಅಳುವ ದಿನವಲ್ಲ, ವ್ರತದ ದಿನವೆಂದು ಇಷ್ಟು ವರ್ಷಗಳ ಪ್ರವಚನದಲ್ಲಿ ಒಬ್ಬ ಪಂಡಿತರೂ ನಿಮಗೆ ಹೇಳಲಿಲ್ಲ.

ಇನ್ನೊಬ್ಬಳು ನಿಮ್ಮ ಮೊಮ್ಮಗಳು. ಹನ್ನೆರಡು ವರ್ಷದ ಅವಳಿಗೆ ಧರ್ಮವೆಂದರೆ ರಜೆಯಲ್ಲಿ ಇತವಾರಿಗೆ ಬಂದಾಗ ಉಟ್ಟುಕೊಳ್ಳುವ ಕೇಸರಿ ಸೀರೆ, ಕಾಲು ಜೋಮು ಹಿಡಿಯುವವರೆಗೆ ಕೂರುವ ಮಂಟಪ ಎಂದಷ್ಟೇ ತಿಳಿದಿತ್ತು. ಹೋದ ವರ್ಷ ಒಂದು ಬೆಳಿಗ್ಗೆ ತಾನಾಗಿ ಬಂದು ನನ್ನ ಪಕ್ಕದಲ್ಲಿ ಕುಳಿತಳು. ಈಗ ಒಂಬತ್ತು ಮಂತ್ರಗಳನ್ನು ಉಸಿರಿನೊಂದಿಗೆ ಎಣಿಸುತ್ತಾಳೆ, ಹಿಂದಿನ ದಿನ ಆಡಿದ ಒಂದು ಸುಳ್ಳನ್ನೋ ಒಂದು ಕೋಪವನ್ನೋ ಹೇಳಿಕೊಳ್ಳುತ್ತಾಳೆ, ಇಂದು ಇಂಥದನ್ನು ತಿನ್ನುವುದಿಲ್ಲವೆಂದು ನಿಯಮ ಹಿಡಿಯುತ್ತಾಳೆ. ಪುಣೆಯಲ್ಲೋ ದುಬೈಯಲ್ಲೋ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ‘ವಿಧಾನ ಮಾಡು, ಇಲ್ಲವಾದರೆ ನಿನ್ನದು ಧರ್ಮವಲ್ಲ’ ಎಂದರೆ ಅವರು ವಾದಿಸುವುದಿಲ್ಲ. ಸುಮ್ಮನೆ ಎದ್ದು ಹೋಗುತ್ತಾರೆ.

ನಿಮ್ಮ ದಿವಾನಖಾನೆಯಲ್ಲಿ ಭರತೇಶವೈಭವವನ್ನು ಗಟ್ಟಿಯಾಗಿ ಓದಿಸುತ್ತಿದ್ದವರು ನೀವೇ. ಮರಾಠಿ ಹಿಂದಿಗಳ ನಡುವೆ ನಮಗೆ ಕನ್ನಡ ಉಳಿದದ್ದು ಆ ಓದಿನಿಂದ. ಹದಿನಾರನೆಯ ಶತಮಾನದಲ್ಲಿ ರತ್ನಾಕರವರ್ಣಿ ಚಿತ್ರಿಸಿದ ಆ ಚಕ್ರವರ್ತಿಗೆ ಯಾವ ವೈಭವಕ್ಕೆ ಕಡಿಮೆಯಿತ್ತು? ಆದರೂ ಕವಿ ಅವನ ದೊಡ್ಡಸ್ತಿಕೆಯನ್ನು ಕಂಡದ್ದು, ಅರಮನೆಯ ನಡುವೆಯೇ ಕಣ್ಣು ಮುಚ್ಚಿ ತನ್ನ ಆತ್ಮವನ್ನು ನೋಡಿಕೊಳ್ಳುವ ಧ್ಯಾನದಲ್ಲಿ. ನಾನು ಮಾಡುತ್ತಿರುವುದು ದುಬೈಯಲ್ಲಿ ಕಲಿತದ್ದಲ್ಲ ಅವ್ವಾ, ನಿಮ್ಮ ದಿವಾನಖಾನೆಯಲ್ಲಿ ಕೇಳಿದ್ದು.

ಹಾಗಾದರೆ ಕಾರ್ತಿಕಕ್ಕೆ ಏನು ಮಾಡೋಣ? ನಾನು ಬರುತ್ತೇನೆ, ಎಂಟು ದಿನವೂ ಇರುತ್ತೇನೆ. ಇಂದ್ರನಾಗಿ ಅಲ್ಲ, ನಿಮ್ಮ ಪಕ್ಕದಲ್ಲಿ ಕುಳಿತು ನಿಮಗೆ ದ್ರವ್ಯ ಕೈಗೆತ್ತಿ ಕೊಡುವವನಾಗಿ. ನಿಮಗೆ ಕುರ್ಚಿ ಹಾಕಿಸುತ್ತೇನೆ, ಯಾರೇನಾದರೂ ಅನ್ನಲಿ. ಮಂದಿರದ ಸಮಿತಿಗೆ ಒಂದು ಸೂಚನೆಯನ್ನೂ ಬರೆದು ಕಳುಹಿಸುತ್ತಿದ್ದೇನೆ: ಇಂದ್ರಪದವನ್ನು ಸವಾಲಿಗೆ ಇಡಬೇಡಿರಿ, ವಿಧಾನಕ್ಕೆ ಮೊದಲು ಒಂದು ತಿಂಗಳು ದಿನವೂ 48 ನಿಮಿಷ ಸಾಮಾಯಿಕ ಮಾಡಿದವರ ಹೆಸರು ಪಡೆದು, ಅವರಲ್ಲಿ ಚೀಟಿ ಎತ್ತಿರಿ. ತರಕಾರಿ ಮಾರುವವನ ಹೆಸರು ಬಂದರೆ ಅವನ ತಲೆಯ ಮೇಲೆಯೇ ಕಿರೀಟ ಇಡಿರಿ. ಸಮಿತಿ ಒಪ್ಪಲಾರದೆಂದು ನನಗೆ ಗೊತ್ತು. ಆದರೆ ಬೇಡವೆನ್ನಲು ಅವರು ಒಂದು ಕಾರಣವನ್ನು ಬಾಯಿ ಬಿಟ್ಟು ಹೇಳಬೇಕಾಗುತ್ತದೆ, ಆ ಕಾರಣವನ್ನು ಸಮಾಜ ಕೇಳಲಿ. ಸವಾಲಿಗೆಂದು ನೀವು ಮನಸ್ಸಿನಲ್ಲಿಟ್ಟ ಮೊತ್ತವನ್ನು ಔಷಧದಾನಕ್ಕೆ ಕೊಡುತ್ತೇನೆ, ಹೆಸರು ಕೂಗಿಸದೆ.

ನಿಮ್ಮಿಂದ ನಾನು ಕೇಳುವುದು ಒಂದೇ. ಆ ಎಂಟು ದಿನಗಳಲ್ಲಿ ಒಂದು ಬೆಳಿಗ್ಗೆ ಮಂದಿರಕ್ಕೆ ಹೊರಡುವ ಮುನ್ನ, ತಟ್ಟೆಯನ್ನು ಮುಟ್ಟದೆ, ನಮ್ಮಿಬ್ಬರೊಂದಿಗೆ 48 ನಿಮಿಷ ಕುಳಿತುಕೊಳ್ಳಿರಿ. ಮೊಮ್ಮಗಳು ಉಸಿರು ಎಣಿಸುವ ಬಗೆಯನ್ನು ನಿಮಗೆ ತೋರಿಸಬೇಕೆಂದು ಈಗಿನಿಂದಲೇ ಕಾಯುತ್ತಿದ್ದಾಳೆ.

ಮಂಡಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡಿರಿ.

ನಿಮ್ಮ ಆಶೀರ್ವಾದಾಕಾಂಕ್ಷಿ,
ನಿಮ್ಮ ಮಗ